ಎಸಿ ಪೈಪ್‌ಗೆ ಐಸ್? ಗ್ಯಾಸ್‌ಗೂ ಮೊದಲು ಫಿಲ್ಟರ್ ನೋಡಿ

ಹೊಸಪೇಟೆಯ ನಮ್ಮ ಮನೇಲಿ ಎಸಿಯಿಂದ ಮಂಚದ ಮೇಲೆ ನೀರು ತೊಟ್ಟಿಕ್ತಿತ್ತು, ಹೊರಗಿನ ದಪ್ಪ ಪೈಪ್ ಮೇಲೆ ಐಸ್ ಕಟ್ಟಿತ್ತು. ಮೆಕ್ಯಾನಿಕ್ ಫೋನಲ್ಲೇ "ಗ್ಯಾಸ್ ಹಾಕ್ಬೇಕು" ಅಂದ್ರು. ನಾನು ಕೂಲಿಂಗ್ ನಿಲ್ಲಿಸಿ, ಎರಡು ಗಂಟೆ ಬರೀ ಫ್ಯಾನ್ ಓಡಿಸಿ ಐಸ್ ಕರಗಿಸಿದೆ. ಆಮೇಲೆ ಸ್ವಿಚ್ ಆಫ್ ಮಾಡಿ ಫಿಲ್ಟರ್ ತೆಗೆದ್ರೆ, ಕೆಂಪು ಧೂಳು ಕಂಬಳಿ ಥರ ಕೂತಿತ್ತು. ಸಂಡೂರು ಕಡೆಯವರಿಗೆ ಇದು ಗೊತ್ತಿರೋದೇ.

ಗಾಳಿ ಆಡದಿದ್ರೆ ಒಳಗಿನ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಐಸ್ ಕಟ್ಟುತ್ತೆ. ಅದು ಕರಗಿದಾಗ ನೀರು ಟ್ರೇ ಮೀರಿ ಒಳಗೆ ಸುರಿಯುತ್ತೆ. ಫಿಲ್ಟರ್ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದೆ. ಟ್ರೇಗೆ ಒಂದು ಲೋಟ ನೀರು ಹೊಯ್ದೆ, ಡ್ರೈನ್ ಪೈಪಿನಿಂದ ಸಲೀಸಾಗಿ ಹೊರಗೆ ಬಂತು. ಐಸ್ ಮತ್ತೆ ಕಟ್ಟಲಿಲ್ಲ.

ಫಿಲ್ಟರ್ ಕ್ಲೀನಿದ್ದೂ ಐಸ್ ಬಂದ್ರೆ ಗ್ಯಾಸ್ ಕಮ್ಮಿ ಇರಬಹುದು. ಆದ್ರೆ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ, ಎಲ್ಲೋ ಲೀಕ್ ಇರುತ್ತೆ. ಮೊದಲು ಅದನ್ನ ಹುಡುಕಿಸಿ, ಆಮೇಲೆ ತುಂಬಿಸಿ.