ರಜೆ ಮುಗಿಸಿ ಬಂದವರಿಗೆ ಯಾವ ಕುರ್ಚಿ?

ನೌಕರರಿಗೆ ಆರು ತಿಂಗಳ ಸಬ್ಬಾಟಿಕಲ್ ಕೊಡುತ್ತೇವೆ ಎಂದು ಘೋಷಿಸುವುದು ಕಂಪನಿಗಳಿಗೆ ಕಷ್ಟವಲ್ಲ. ವಾಪಸು ಬಂದ ಮೇಲೆ ಅವರನ್ನು ಯಾವ ಹುದ್ದೆಯಲ್ಲಿ ಕೂರಿಸುತ್ತೇವೆ ಎಂದು ಬರೆದುಕೊಡುವಾಗಲೇ ಪೆನ್ನು ತಡವರಿಸುತ್ತದೆ. ಖಾಸಗಿ ಕಂಪನಿಗಳು ಇಂಥ ರಜೆ ಕೊಡಲೇಬೇಕೆಂಬ ಕಾನೂನು ಭಾರತದಲ್ಲಿ ಇಲ್ಲ. ಹಾಗಾಗಿ ನೌಕರರಿಗೆ ಸಿಗುವ ರಕ್ಷಣೆಯೆಲ್ಲ ಕಂಪನಿ ಬರೆದ ನಿಯಮದ ಮಾತುಗಳಲ್ಲೇ ಇರುತ್ತದೆ.

ಕರಡು ಬರೆಯಲು ಕೂತವರಿಗೆ ಒಳ್ಳೆಯ ಮಾದರಿಯೊಂದು ಕೈಗೆ ಸಿಗುವಂತೆಯೇ ಇದೆ. ಅದು ವಿಶ್ವವಿದ್ಯಾಲಯ ಮತ್ತು ಕಾಲೇಜು ಅಧ್ಯಾಪಕರಿಗಾಗಿ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿ. ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲಿ ಏಳು ವರ್ಷ ದುಡಿದ ಕಾಯಂ ಅಧ್ಯಾಪಕರು ಅಧ್ಯಯನ, ಸಂಶೋಧನೆಗೆಂದು ಈ ರಜೆ ಪಡೆಯಬಹುದು. ಒಮ್ಮೆಗೆ ಹೆಚ್ಚೆಂದರೆ ಒಂದು ವರ್ಷ, ಇಡೀ ವೃತ್ತಿಜೀವನದಲ್ಲಿ ಎರಡು ವರ್ಷ. ಆ ಅವಧಿಗೆ ಪೂರ್ತಿ ಸಂಬಳವಿದೆ, ವಾರ್ಷಿಕ ಬಡ್ತಿಯೂ ನಿಲ್ಲುವುದಿಲ್ಲ. ಬೇರೆಡೆ ಕಾಯಂ ನೌಕರಿಗೆ ಮಾತ್ರ ಸೇರುವಂತಿಲ್ಲ. ಪಿಂಚಣಿಗೆ ಈ ರಜೆಯನ್ನು ಸೇವೆಯೆಂದು ಲೆಕ್ಕ ಹಾಕುವುದು ಅಧ್ಯಾಪಕರು ರಜೆ ಮುಗಿಸಿ ವಾಪಸು ಬಂದಾಗಲೇ. ಅರ್ಹತೆ, ಸಂಬಳ, ನಿರ್ಬಂಧ ಎಲ್ಲವನ್ನೂ ಇಲ್ಲಿ ಬಿಡಿಸಿ ಹೇಳಿದೆ. ಅಧಿಕಾರಿಯ ಮರ್ಜಿಗೆ ಬಿಟ್ಟದ್ದು ಕಡಿಮೆ.

ಇದನ್ನೇ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಹೊಂದಿಸಿ ನೋಡೋಣ. ಉದಾಹರಣೆಗೆ, ಅಲ್ಲಿ ಆರು ವರ್ಷದಿಂದಿರುವ ಒಬ್ಬ ಟೀಮ್ ಲೀಡ್‌ಗೆ ತಿಂಗಳಿಗೆ 80,000 ರೂಪಾಯಿ ಸಂಬಳ, ಅದರಲ್ಲಿ ಮೂಲ ವೇತನ 40,000. ಐದು ವರ್ಷ ಸೇವೆ ಆಗಿರಬೇಕು, ಶಿಸ್ತು ವಿಚಾರಣೆ ಬಾಕಿ ಇರಬಾರದು, ಒಂದು ತಂಡದಿಂದ ಏಕಕಾಲಕ್ಕೆ ಒಬ್ಬರೇ ಹೋಗಬೇಕು ಎಂದು ಕಂಪನಿ ನಿಯಮ ಮಾಡಿದರೆ ಅರ್ಹತೆಯ ಮಾತು ಅಲ್ಲಿಗೆ ಮುಗಿಯಿತು.

ಸಂಬಳದ ವಿಷಯದಲ್ಲಿ ಮೊದಲ ಮೂರು ತಿಂಗಳು ಅರ್ಧ ಸಂಬಳ, ಆಮೇಲಿನ ಮೂರು ತಿಂಗಳು ಸಂಬಳವಿಲ್ಲ ಎಂಬ ನಡುದಾರಿಯನ್ನು ಹಿಡಿಯಬಹುದು. ಆಗ ಕಂಪನಿ ಕೊಡುವುದು 1,20,000 ರೂಪಾಯಿ. ರಜೆ ಮುಗಿಸಿ ಬಂದವರು ಒಂದು ವರ್ಷ ಇರಬೇಕು, ಬೇಗ ಬಿಟ್ಟರೆ ಉಳಿದ ತಿಂಗಳುಗಳ ಪಾಲನ್ನು ಹಿಂತಿರುಗಿಸಬೇಕು ಎಂದು ಸೇರಿಸುವುದು ನ್ಯಾಯವೇ. ನಾಲ್ಕು ತಿಂಗಳಿಗೇ ಬಿಟ್ಟುಹೋದರೆ ಹನ್ನೆರಡರಲ್ಲಿ ಎಂಟು ತಿಂಗಳ ಪಾಲು ಬಾಕಿ. ಅಂದರೆ 80,000 ರೂಪಾಯಿ. ಈ ಲೆಕ್ಕವನ್ನು ನಿಯಮದಲ್ಲೇ ಉದಾಹರಣೆಯಾಗಿ ಬರೆದಿಟ್ಟರೆ ಮುಂದೆ ಜಗಳಕ್ಕೆ ಎಡೆಯಿರುವುದಿಲ್ಲ.

ಸಂಬಳವಿಲ್ಲದ ತಿಂಗಳುಗಳಲ್ಲಿ ಪಿಎಫ್‌ಗೂ ಹಣ ಜಮೆಯಾಗದು. ಇಲ್ಲಿ ನಡೆಯುವ ದೊಡ್ಡ ಎಡವಟ್ಟು ಬೇರೆಯೇ. ಕಂಪನಿ ಪ್ರತಿ ತಿಂಗಳು ಪಿಎಫ್ ಕಚೇರಿಗೆ ಸಲ್ಲಿಸುವ ವಿವರದಲ್ಲಿ ವಂತಿಗೆಯಿಲ್ಲದ ದಿನಗಳನ್ನು ನಮೂದಿಸಲು ಜಾಗವಿದೆ. ಅದನ್ನು ಬಿಟ್ಟು ಗುಮಾಸ್ತರು ನೌಕರಿ ಬಿಟ್ಟ ದಿನಾಂಕವನ್ನೇ ತುಂಬಿಬಿಟ್ಟರೆ, ರಜೆಯ ಮೇಲಿರುವವರು ದಾಖಲೆಯಲ್ಲಿ ಕೆಲಸ ಬಿಟ್ಟವರಾಗುತ್ತಾರೆ. ಅದನ್ನು ಸರಿಪಡಿಸಲು ಮುಂದೆ ಅಲೆಯಬೇಕಾದವರು ನೌಕರರೇ. ಅವರು ತಮ್ಮ ಪಿಎಫ್ ಪಾಸ್‌ಬುಕ್ಕನ್ನೂ ಸೇವಾ ವಿವರವನ್ನೂ ನಡುವೆ ಒಮ್ಮೆ ತೆರೆದು ನೋಡಿದರೆ ಇದು ಗೊತ್ತಾಗುತ್ತದೆ. ಗ್ರಾಚ್ಯುಟಿ ಲೆಕ್ಕಕ್ಕೆ ಈ ಅವಧಿ ಸೇವೆಯ ಮುರಿತವಲ್ಲ, ಆರೋಗ್ಯ ವಿಮೆಯ ಕಂತನ್ನು ಕಂಪನಿಯೇ ಕಟ್ಟುತ್ತದೆ ಎಂಬ ಎರಡು ಸಾಲುಗಳೂ ಕರಡಿನಲ್ಲಿ ಇರಲೇಬೇಕು.

ಇನ್ನು ಮರಳುವ ಹುದ್ದೆ. ಇಡೀ ಕರಡು ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ. ಅನೇಕ ಕರಡುಗಳಲ್ಲಿ ‘ವ್ಯವಹಾರದ ಅಗತ್ಯಕ್ಕೆ ಒಳಪಟ್ಟು ಸೂಕ್ತ ಹುದ್ದೆ ನೀಡಲಾಗುವುದು’ ಎಂದು ಇರುತ್ತದೆ. ಈ ಸಾಲು ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಂಟು ಮಂದಿಯ ತಂಡ ನಡೆಸುತ್ತಿದ್ದವರು ಆರು ತಿಂಗಳ ಬಳಿಕ ಬಂದು ನೋಡಿದರೆ ತಂಡ ಇನ್ನೊಬ್ಬರ ಕೈಯಲ್ಲಿರುತ್ತದೆ. ಸಂಬಳ ಅಷ್ಟೇ, ಆದರೆ ಕೈಕೆಳಗೆ ಯಾರೂ ಇಲ್ಲದ ಒಂದು ‘ವಿಶೇಷ ಯೋಜನೆ’ ಅವರ ಪಾಲಿಗೆ ಬರುತ್ತದೆ. ಕಾಗದದ ಮೇಲೆ ಇದೂ ಸೂಕ್ತ ಹುದ್ದೆಯೇ! ಹಾಗಾಗಿ ಸಮಾನ ಹುದ್ದೆ ಎಂದರೆ ಅದೇ ದರ್ಜೆ, ಅದೇ ಮೂಲ ವೇತನ, ಅದೇ ಊರು, ಅಷ್ಟೇ ಹೊಣೆ ಎಂದು ನಾಲ್ಕೂ ಅಳತೆಗಳನ್ನು ಬರೆಯಬೇಕು. ಖಾಲಿ ಜಾಗಕ್ಕೆ ಬರುವವರಿಗೆ ಮೊದಲೇ ಅದು ತಾತ್ಕಾಲಿಕ ಎಂದು ಲಿಖಿತವಾಗಿ ತಿಳಿಸಬೇಕು; ಇಲ್ಲದಿದ್ದರೆ ವಾಪಸು ಬರುವವರಿಗಷ್ಟೇ ಅಲ್ಲ, ಬದಲಿಗೆ ಬಂದವರಿಗೂ ಅನ್ಯಾಯ.

ರಜೆಯ ನಡುವೆ ವಿಭಾಗವೇ ಮುಚ್ಚಿದರೆ? ಯಾವ ಕಂಪನಿಯೂ ಹುದ್ದೆಯನ್ನು ಎಂದೆಂದಿಗೂ ಕಾಯ್ದಿಡುತ್ತೇನೆ ಎನ್ನಲಾಗದು. ಆದರೆ ಕಚೇರಿಯಲ್ಲಿರುವ ಸಹೋದ್ಯೋಗಿಗಳಿಗೆ ಯಾವ ನೋಟಿಸು, ಎಷ್ಟು ಪರಿಹಾರವೋ ರಜೆಯಲ್ಲಿರುವವರಿಗೂ ಅಷ್ಟೇ ಸಿಗಬೇಕು. ಗೈರುಹಾಜರಿಯನ್ನೇ ನೆಪ ಮಾಡಿ ಅವರ ಹೆಸರನ್ನು ಪಟ್ಟಿಯ ತಲೆಗೆ ಹಾಕುವಂತಿಲ್ಲ ಎಂದು ಬರೆಯಬೇಕು.

ಅರ್ಜಿಯ ದಾರಿ ಸರಳವಾಗಿದ್ದಷ್ಟೂ ಒಳ್ಳೆಯದು. ಮೂರು ತಿಂಗಳು ಮೊದಲೇ ಅರ್ಜಿ, ಮೂರು ವಾರದೊಳಗೆ ಎಚ್‌ಆರ್‌ನಿಂದ ಲಿಖಿತ ಉತ್ತರ. ಮಂಜೂರಾದರೆ ಆ ಪತ್ರದಲ್ಲೇ ಮರಳುವ ದಿನಾಂಕ ಮತ್ತು ಹುದ್ದೆಯ ಹೆಸರು ಇರಬೇಕು. ಕೆಲಸದ ಒತ್ತಡದ ಕಾರಣಕ್ಕೆ ಮುಂದೂಡುವುದಾದರೆ ಒಂದೇ ಸಲ, ಅದೂ ಯಾವ ತಿಂಗಳಿಗೆ ಎಂದು ಹೇಳಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು, ಮತ್ತು ಆ ತೀರ್ಮಾನವನ್ನು ಅರ್ಜಿದಾರರ ನೇರ ಮ್ಯಾನೇಜರ್ ಅಲ್ಲದ ಇನ್ನೊಬ್ಬ ಹಿರಿಯರು ಮರುಪರಿಶೀಲಿಸುವಂತಿರಬೇಕು.