ಕುಕ್ಕರ್‌ಗೆ ಎರಡು ರೂಪಾಯಿ, ಕಾವಲಿಗೆ ಎಂಟು

ಗೂಗಲ್‌ನಲ್ಲಿ ‘ದೋಸೆ ಕಾವಲಿ’ ಎಂದು ಹುಡುಕಿದರೆ ಮೇಲ್ಗಡೆ ಚಿತ್ರ, ಬೆಲೆ, ಅಂಗಡಿಯ ಹೆಸರು ಇರುವ ಜಾಹೀರಾತುಗಳ ಸಾಲು ಕಾಣಿಸುತ್ತದೆ. ಇವೇ ಶಾಪಿಂಗ್ ಜಾಹೀರಾತು. ಗ್ರಾಹಕ ಕ್ಲಿಕ್ ಮಾಡಿದಾಗಲೆಲ್ಲ ಅಂಗಡಿಯವನ ಜೇಬಿನಿಂದ ಹಣ ಹೋಗುತ್ತದೆ, ಅವನು ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ. ಒಂದು ಕ್ಲಿಕ್‌ಗೆ ಗರಿಷ್ಠ ಎಷ್ಟು ಕೊಡುತ್ತೇನೆ ಎಂದು ಮೊದಲೇ ಹೇಳುವ ಮೊತ್ತಕ್ಕೆ ಬಿಡ್ ಎನ್ನುತ್ತಾರೆ. ಎಷ್ಟೋ ಅಂಗಡಿಗಳು ಎಲ್ಲ ಸಾಮಾನಿಗೂ ಒಂದೇ ಬಿಡ್ ಕಟ್ಟಿ ಸುಮ್ಮನಾಗುತ್ತವೆ.

ಅದರಿಂದಾಗುವ ನಷ್ಟ ಲೆಕ್ಕಕ್ಕೆ ಸಿಗುವುದೇ ಇಲ್ಲ. ಪಾತ್ರೆ ಮಾರುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ಹೆಸರಾಂತ ಕಂಪನಿಯ ಕುಕ್ಕರ್‌ಗೆ ಜಿಎಸ್‌ಟಿ ಬಿಟ್ಟು 2,000 ರೂಪಾಯಿ, ಉಳಿಯುವುದು 200. ಅಂಗಡಿಯವರೇ ಮಾಡಿಸಿದ ಬೀಡು ಕಬ್ಬಿಣದ ಕಾವಲಿ ಸೆಟ್‌ಗೂ 2,000, ಅದರಲ್ಲಿ ಉಳಿಯುವುದು 800. ಎರಡಕ್ಕೂ ನೂರು ಕ್ಲಿಕ್‌ಗೆ ಎರಡು ಮಾರಾಟ, ಎರಡಕ್ಕೂ ಕ್ಲಿಕ್ಕಿಗೆ 8 ರೂಪಾಯಿ ಖರ್ಚು. ನೂರು ಕ್ಲಿಕ್‌ಗೆ 800 ಹಾಕಿ 4,000 ರೂಪಾಯಿ ವ್ಯಾಪಾರ ಆಯಿತು, ಅಂದರೆ ಐದು ಪಟ್ಟು. ವರದಿಯಲ್ಲಿ ಎರಡೂ ಅವಳಿಗಳ ಹಾಗೆ ಕಾಣುತ್ತವೆ. ಆದರೆ ಕುಕ್ಕರ್‌ನಲ್ಲಿ ಉಳಿದದ್ದು 400, ಜಾಹೀರಾತು ತಿಂದದ್ದು 800. ಕಾವಲಿ ಮಾತ್ರ 1,600 ತಂದು 800 ಉಳಿಸಿಕೊಟ್ಟಿದೆ. ಸಾಮಾನ್ಯವಾಗಿ ಗೂಗಲ್‌ಗೆ ಮಾರಾಟದ ಮೊತ್ತ ಹೋಗುತ್ತದೆಯೇ ಹೊರತು ಲಾಭ ಹೋಗುವುದಿಲ್ಲ. ಅದು ಅಂಗಡಿಯವನ ಖಾತೆಪುಸ್ತಕದಲ್ಲೇ ಉಳಿದಿರುತ್ತದೆ.

ಆ ಪುಸ್ತಕದ ಮಾತನ್ನು ಜಾಹೀರಾತಿಗೆ ದಾಟಿಸಲು ಇರುವ ದಾರಿಯೇ ಕಸ್ಟಮ್ ಲೇಬಲ್. ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಸಾಮಾನುಗಳ ಪಟ್ಟಿ ಕಳಿಸುವಾಗ ಅದರಲ್ಲಿ `custom_label_0` ರಿಂದ `custom_label_4` ತನಕ ಐದು ಅಂಕಣ ಸೇರಿಸಬಹುದು. ಒಳಗೆ ಏನು ಬರೆಯಬೇಕೆಂಬುದು ನಮಗೆ ಬಿಟ್ಟದ್ದು, ಗ್ರಾಹಕರ ಕಣ್ಣಿಗೆ ಇದು ಬೀಳುವುದಿಲ್ಲ. ಮೊದಲನೆಯದರಲ್ಲಿ ಲಾಭದ ಮಟ್ಟ, ಎರಡನೆಯದರಲ್ಲಿ ಮಾರಾಟದ ವೇಗ ಬರೆದರೆ ಆರಂಭಕ್ಕೆ ಸಾಕು. ಮೂಲ ಪಟ್ಟಿಯನ್ನು ಮುಟ್ಟದೆ, ಬೇರೆ ಶೀಟ್‌ನಲ್ಲಿ ಬರೆದು ಪೂರಕ ಪಟ್ಟಿಯಾಗಿ ಜೋಡಿಸಬಹುದು:

```
id,custom_label_0,custom_label_1
KV-12,margin_high,fast
PC-05,margin_low,fast
```

‘ಶೇ 38.4’ ಎಂಬಂಥ ಅಂಕಿ ಬರೆಯಬೇಡಿ. ಹೆಚ್ಚು, ನಡು, ಕಡಿಮೆ ಎಂಬ ಮೂರು ಗುಂಪು ಸಾಕು. ಲಾಭ ಲೆಕ್ಕ ಹಾಕುವಾಗ ಪ್ಯಾಕಿಂಗ್, ಕೊರಿಯರ್, ಬಾಗಿಲಿಗೆ ಬಂದ ಮೇಲೆ ಬೇಡವೆಂದು ವಾಪಸಾಗುವ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳ ಖರ್ಚು ಎಲ್ಲ ಕಳೆದಿರಬೇಕು.

ಇನ್ನು ಬಿಡ್. ನೂರು ಕ್ಲಿಕ್‌ಗೆ ಎರಡು ಮಾರಾಟ ಅಂದಮೇಲೆ ಕುಕ್ಕರ್‌ನ ಒಂದು ಕ್ಲಿಕ್ 4 ರೂಪಾಯಿ ಬಾಳುತ್ತದೆ, ಕಾವಲಿಯದು 16. ಲಾಭದಲ್ಲಿ ಅರ್ಧ ಜಾಹೀರಾತಿಗೆ ಎಂದು ನಿರ್ಧರಿಸಿದರೆ 2 ಮತ್ತು 8. ಬಿಡ್ ಅನ್ನು ಕೈಯಾರೆ ಕಟ್ಟುವವರು ಒಂದೇ ಕ್ಯಾಂಪೇನ್ ಒಳಗೆ ಲೇಬಲ್ ಪ್ರಕಾರ ಗುಂಪು ಒಡೆದು ಹೀಗೆ ಬೇರೆ ಬೇರೆ ಮೊತ್ತ ಹಾಕಬಹುದು. ಬಿಡ್ ಅನ್ನು ಗೂಗಲ್‌ಗೇ ಒಪ್ಪಿಸಿ, ‘ಹಾಕಿದ ಹಣಕ್ಕೆ ಇಷ್ಟು ಪಟ್ಟು ವ್ಯಾಪಾರ ಬೇಕು’ ಎಂದು ಗುರಿ ಕೊಡುವವರಿಗೆ ಗುಂಪಿಗೊಂದು ಬಿಡ್ ಹಾಕುವ ಅವಕಾಶವಿಲ್ಲ, ಕ್ಯಾಂಪೇನನ್ನೇ ಬೇರೆ ಮಾಡಿ ಬೇರೆ ಬೇರೆ ಗುರಿ ಕೊಡಬಹುದು. ಕಾವಲಿಗೆ ಐದು ಪಟ್ಟು ಕೇಳಿದರೆ ಕುಕ್ಕರ್‌ಗೆ ಇಪ್ಪತ್ತು ಪಟ್ಟು ಕೇಳಬೇಕಾಗುತ್ತದೆ. ಆಗ ಕುಕ್ಕರ್‌ನ ಜಾಹೀರಾತು ಬಹುಪಾಲು ನಿಂತೇಹೋಗಬಹುದು. ನಿಲ್ಲಲಿ ಬಿಡಿ, ನಷ್ಟಕ್ಕೆ ಮಾರುವ ಹಟ ಯಾಕೆ? ಆದರೆ ಕುಕ್ಕರ್ ನೋಡಲು ಬಂದವರು ಕಾವಲಿಯನ್ನೂ ಒಯ್ಯುತ್ತಾರೋ ಎಂದು ಬಿಲ್ ತೆಗೆದು ನೋಡಿಯೇ ಈ ಮಾತು ಹೇಳಬೇಕು.

ನಿಧಾನದ ಮಾಲಿನ ವಿಷಯದಲ್ಲಿ ಅವಸರ ಮಾಡುವವರೇ ಹೆಚ್ಚು. ತಿಂಗಳಲ್ಲಿ ಒಂದೂ ಮಾರಾಟವಾಗಲಿಲ್ಲ ಎಂದ ತಕ್ಷಣ `slow` ಹಚ್ಚುತ್ತಾರೆ. ಆ ವಸ್ತುವಿಗೆ ಒಟ್ಟು ಬಂದದ್ದೇ ಹನ್ನೆರಡು ಕ್ಲಿಕ್ ಆಗಿದ್ದರೆ ಅದು ಸೋತಿಲ್ಲ, ಜನರ ಮುಂದೆ ಬಂದೇ ಇಲ್ಲ. ಬಿಡ್ ಇಳಿಸಿದರೆ ಇನ್ನಷ್ಟು ಮರೆಯಾಗುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಲೇಬಲ್. ನೂರಕ್ಕೆ ಎರಡರಂತೆ ಮಾರಾಟವಾಗುವ ವಸ್ತುವೂ ನೂರು ಕ್ಲಿಕ್‌ಗೆ ಒಂದೂ ಹೋಗದಿರುವ ಸಾಧ್ಯತೆ ಸುಮಾರು ಶೇ 13 ಇದೆ. ಇನ್ನೂರು ಕ್ಲಿಕ್ ಆದಮೇಲೂ ಸೊನ್ನೆಯಾದರೆ ಆ ಸಾಧ್ಯತೆ ಶೇ 2ಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ `new` ಎಂಬ ಮೂರನೆಯ ಗುರುತು ಹಾಕಿ, ನಡುವಿನ ಬಿಡ್‌ನಲ್ಲಿ ಇಟ್ಟುಕೊಳ್ಳುವುದು ವಾಸಿ.

ಗುಂಪುಗಳನ್ನು ವಿಪರೀತ ಒಡೆದರೂ ತೊಂದರೆ. ಲಾಭದ ಮೂರು, ವೇಗದ ಮೂರು ಸೇರಿಸಿ ಒಂಬತ್ತು ಕ್ಯಾಂಪೇನ್ ತೆರೆದರೆ ಒಂದೊಂದಕ್ಕೂ ತಿಂಗಳಿಗೆ ನಾಲ್ಕೈದು ಮಾರಾಟ ಬರುತ್ತದೆ, ಅಷ್ಟರಲ್ಲಿ ಗೂಗಲ್‌ನ ತಾನಾಗಿ ಬಿಡ್ ಕಟ್ಟುವ ವ್ಯವಸ್ಥೆ ಏನನ್ನೂ ಕಲಿಯಲಾರದು. ಸಣ್ಣ ಅಂಗಡಿಗೆ ಎರಡು ಕ್ಯಾಂಪೇನ್ ಸಾಕು.

ಕೊನೆಗೆ, ಗುಂಪು ಒಡೆದಾಗ ಲೇಬಲ್ ಇಲ್ಲದ ಸಾಮಾನೆಲ್ಲ `Everything else` ಎಂಬ ಗುಂಪಿಗೆ ಬೀಳುತ್ತದೆ. ಅದನ್ನು ಹೊರಗಿಟ್ಟಿದ್ದರೆ ಹೊಸ ಮಾಲಿಗೆ ಜಾಹೀರಾತೇ ಇಲ್ಲ. ಹಳೆಯ ದೊಡ್ಡ ಬಿಡ್‌ನಲ್ಲೇ ಬಿಟ್ಟಿದ್ದರೆ ಹಣ ಅಲ್ಲಿಂದ ಸೋರುತ್ತದೆ. ಆ ಗುಂಪಿನ ಖರ್ಚು ಏರುತ್ತಿದೆ ಎಂದರೆ ಶೀಟ್‌ನಲ್ಲಿ ಯಾರೋ `id` ತಪ್ಪಾಗಿ ಬರೆದಿದ್ದಾರೆ, ಇಲ್ಲವೇ ಹೊಸದಾಗಿ ಬಂದ ಮಾಲಿಗೆ ಲೇಬಲ್ ಹಚ್ಚುವುದನ್ನು ಮರೆತಿದ್ದಾರೆ.