ದಿನವಿಡೀ ನಿಂತೇ ಹೇರ್‌ಕಟ್ ಮಾಡ್ತೀರಾ? ಬೆನ್ನು, ಕಾಲು ನೋವಿಗೆ ಇಲ್ಲಿದೆ ಪರಿಹಾರ

ಸಲೂನ್‌ನಲ್ಲಿ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ. ಕಾರಣವಿಷ್ಟೆ: ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಸುಮ್ಮನೆ ನಿಂತಾಗ ರಕ್ತ ಕಾಲಿನಲ್ಲೇ ಉಳಿಯುತ್ತದೆ. ಸಾಕ್ಸ್ ತೆಗೆದಾಗ ಆಳವಾದ ಗುರುತು ಕಂಡರೆ ಅದೇ ಊತದ ಸೂಚನೆ. ಹೀಗಾಗಿ ಪ್ರತಿ ಗ್ರಾಹಕರ ನಂತರ ಇಪ್ಪತ್ತು ಬಾರಿ ಹಿಮ್ಮಡಿ ಎತ್ತಿ ಇಳಿಸಿ.

ಬೆನ್ನು ನೋವಿಗೆ ಹೆಚ್ಚಾಗಿ ಬಗ್ಗುವುದೇ ಕಾರಣ. ಕುತ್ತಿಗೆ ಬಳಿ ಕತ್ತರಿಸುವಾಗ ಕುರ್ಚಿಯನ್ನು ಪೆಡಲ್ ಒತ್ತಿ ಮೇಲೇರಿಸಿ, ನೆತ್ತಿಗೆ ಬಂದಾಗ ಇಳಿಸಿ. ಸೊಂಟದವರೆಗಿನ ಕೂದಲಿನ ತುದಿ ಟ್ರಿಮ್ ಮಾಡಲು ಚಕ್ರದ ಸ್ಟೂಲ್ ಮೇಲೆ ಕುಳಿತುಕೊಳ್ಳಿ. ಬುಕಿಂಗ್ ನಡುವೆ ಹತ್ತು ನಿಮಿಷ ಬಿಡುವಿದ್ದರೆ ದೇಹದ ಜೊತೆ ಮನಸ್ಸಿನ ದಣಿವೂ ಇಳಿಯುತ್ತದೆ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ವೈದ್ಯರನ್ನು ಕಾಣಿ.